ಸಿಟಿಆರ್ ಏರಿತು, ನೋಡಿದ ಗಂಟೆ ಇಳಿಯಿತು: ಒಂದು ಮೋಟಾರ್ ರಿಪೇರಿ ಚಾನೆಲ್‌ನ ಪ್ರಕರಣ

ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಅಲ್ಲಿ ಬೋರ್‌ವೆಲ್ ಮೋಟಾರ್‌ಗಳಿಗೆ ವೈಂಡಿಂಗ್ ಮಾಡುವ ಅಂಗಡಿಯವರೊಬ್ಬರು ಯೂಟ್ಯೂಬ್ ಚಾನೆಲ್ ತೆರೆದಿದ್ದಾರೆ ಎಂದಿಟ್ಟುಕೊಳ್ಳೋಣ. ಮೊಬೈಲ್ ಹಿಡಿದು ಚಿತ್ರೀಕರಿಸುವವನು ಅವರ ಅಕ್ಕನ ಮಗ. ಹೊಸ ಚಾನೆಲ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಗೊಂದಲವನ್ನು ಬಿಡಿಸಲು ಈ ಮಾದರಿ ಪ್ರಕರಣವನ್ನು ಕಟ್ಟಿದ್ದೇನೆ. ಇಲ್ಲಿನ ಅಂಕಿಗಳು ಲೆಕ್ಕ ಸ್ಪಷ್ಟವಾಗಲೆಂದು ಇಟ್ಟವು. ಅವು ಯಾವುದೇ ನಿಜವಾದ ಚಾನೆಲ್‌ನ ದಾಖಲೆಯಲ್ಲ. ಆದರೆ ಅಂಕಿಗಳು ನಡೆದುಕೊಳ್ಳುವ ರೀತಿ ಮಾತ್ರ ಚಾನೆಲ್ ನಡೆಸುವವರಿಗೆ ಲೆಕ್ಕ ತೋರಿಸುವ ಯೂಟ್ಯೂಬ್ ಸ್ಟುಡಿಯೋದಲ್ಲಿ ಕಾಣುವಂಥದ್ದೇ.

ಪ್ರಕರಣಕ್ಕೆ ಸಿಕ್ಕ ವಿಡಿಯೋ 12 ನಿಮಿಷದ್ದು. ಶೀರ್ಷಿಕೆ, ‘ಬೋರ್‌ವೆಲ್ ಮೋಟಾರ್ ಸ್ಟಾರ್ಟರ್ ಟ್ರಿಪ್ ಆಗಲು ಕಾರಣಗಳು’. ಸ್ಟಾರ್ಟರ್ ಪೆಟ್ಟಿಗೆ ತೆರೆದು, ಓವರ್‌ಲೋಡ್ ರಿಲೇಯ ಡಯಲ್ ಎಲ್ಲಿದೆ, ಅದನ್ನು ಮೋಟಾರ್‌ನ ನೇಮ್‌ಪ್ಲೇಟ್‌ನಲ್ಲಿ ಬರೆದಿರುವ ಆಂಪಿಯರ್‌ಗೆ ತಕ್ಕಂತೆ ಇಡುವುದು ಹೇಗೆ, ಒಂದು ಫೇಸ್ ಹೋದಾಗ ಏನಾಗುತ್ತದೆ ಎಂದು ಅಂಗಡಿಯವರು ಸಮಾಧಾನವಾಗಿ ಹೇಳುತ್ತಾರೆ. ಟ್ರಿಪ್ ಆಗುವುದು ನಿಲ್ಲಲಿ ಎಂದು ಕೆಲವರು ಡಯಲ್ ಅನ್ನು ಮೇಲಕ್ಕೆ ತಿರುಗಿಸಿಬಿಡುತ್ತಾರೆ. ಹಾಗೆ ಮಾಡಿ ಸುಟ್ಟುಹೋದ ಒಂದು ವೈಂಡಿಂಗ್ ಅನ್ನು ಒಂಬತ್ತನೆಯ ನಿಮಿಷದಲ್ಲಿ ತೋರಿಸುತ್ತಾರೆ. ವಿಡಿಯೋ ಒತ್ತುವ ಮೊದಲು ಕಾಣುವ ಚಿತ್ರ, ಅಂದರೆ ಥಂಬ್‌ನೇಲ್, ತೆರೆದ ಸ್ಟಾರ್ಟರ್‌ನ ಒಂದು ಸಾದಾ ಫೋಟೋ, ಅಷ್ಟೇ.

ಮೊದಲ ವಾರ ಮುಗಿದಾಗ ಸ್ಟುಡಿಯೋ ತೋರಿಸಿದ್ದು ಹೀಗೆ: ಇಂಪ್ರೆಷನ್ 1,200, ಥಂಬ್‌ನೇಲ್ ಕಂಡದ್ದರಲ್ಲಿ ಎಷ್ಟು ಪಾಲು ಒತ್ತಿದರು ಎಂದು ಹೇಳುವ ಕ್ಲಿಕ್-ಥ್ರೂ ರೇಟ್ ಅಂದರೆ ಸಿಟಿಆರ್ 9%, ವೀಕ್ಷಣೆ 190, ಸರಾಸರಿ ವೀಕ್ಷಣಾ ಅವಧಿ 5 ನಿಮಿಷ 10 ಸೆಕೆಂಡ್. ಅಂಗಡಿಯವರು ಲೆಕ್ಕದ ಮನುಷ್ಯ. 1,200ರಲ್ಲಿ 190 ಎಂದರೆ ಹೆಚ್ಚುಕಡಿಮೆ 16% ಆಗಬೇಕು, ಇವರು 9 ಎನ್ನುತ್ತಾರಲ್ಲ, ಉಳಿದದ್ದು ಎಲ್ಲಿ ಹೋಯಿತು ಎಂಬುದು ಅವರ ಮೊದಲ ತಕರಾರು.

ತಕರಾರು ನ್ಯಾಯವಾದದ್ದೇ. ಇದಕ್ಕೆ ಉತ್ತರ ಸಿಗಬೇಕಾದರೆ ಇಂಪ್ರೆಷನ್ ಎಂದು ಯೂಟ್ಯೂಬ್ ಯಾವುದನ್ನು ಎಣಿಸುತ್ತದೆ ಎಂದು ತಿಳಿಯಬೇಕು. ಯೂಟ್ಯೂಬ್‌ನ ಒಳಗೆ, ಅಂದರೆ ಹೋಮ್ ಪುಟ, ಹುಡುಕಾಟದ ಫಲಿತಾಂಶ, ಚಂದಾದಾರರ ಫೀಡ್, ಬೇರೊಂದು ವಿಡಿಯೋ ಓಡುವಾಗ ಪಕ್ಕದಲ್ಲೋ ಕೆಳಗೋ ಬರುವ ಸಲಹೆಗಳು, ಇಂಥ ಕಡೆಗಳಲ್ಲಿ ನಿಮ್ಮ ಥಂಬ್‌ನೇಲ್‌ನ ಕನಿಷ್ಠ ಅರ್ಧ ಭಾಗ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಪರದೆಯ ಮೇಲೆ ಕಂಡರೆ ಒಂದು ಇಂಪ್ರೆಷನ್. ಬೆರಳು ಸರ್ರನೆ ಜಾರಿಸಿದಾಗ ಮಿಂಚಿ ಮರೆಯಾದದ್ದು ಲೆಕ್ಕಕ್ಕಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ ಲಿಂಕ್, ಬೇರೆ ಜಾಲತಾಣದಲ್ಲಿ ಕಂಡ ವಿಡಿಯೋ, ಮೊಬೈಲ್‌ಗೆ ಬರುವ ನೋಟಿಫಿಕೇಶನ್, ಇಮೇಲ್, ವಿಡಿಯೋ ಮುಗಿಯುವಾಗ ಬರುವ ಎಂಡ್ ಸ್ಕ್ರೀನ್, ಇವೂ ಲೆಕ್ಕಕ್ಕಿಲ್ಲ. ಅಲ್ಲಿಂದ ಬಂದು ನೋಡಿದವರು ವೀಕ್ಷಣೆಯಲ್ಲಿ ಸೇರುತ್ತಾರೆ, ಇಂಪ್ರೆಷನ್‌ನಲ್ಲಿ ಸೇರುವುದಿಲ್ಲ. ಅಂಗಡಿಯವರ ಅಕ್ಕನ ಮಗ ಲಿಂಕನ್ನು ಮೂರು ರೈತರ ಗುಂಪುಗಳಿಗೆ ಹಾಕಿದ್ದ. 190ರಲ್ಲಿ 82 ವೀಕ್ಷಣೆಗಳು ಅಲ್ಲಿಂದ ಬಂದವು. ಥಂಬ್‌ನೇಲ್ ನೋಡಿ ಒತ್ತಿ ಬಂದವು 108. ಅದೇ 1,200ರ 9%.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂಪ್ರೆಷನ್ ಎಂದರೆ ಜನರ ತಲೆ ಎಣಿಕೆಯಲ್ಲ. ಒಬ್ಬರೇ ರೈತರು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅದೇ ಥಂಬ್‌ನೇಲ್ ನೋಡಿ ಮುಂದೆ ಹೋದರೆ ಮೂರು ಇಂಪ್ರೆಷನ್. ‘1,200 ಜನ ನನ್ನ ವಿಡಿಯೋ ನೋಡಿ ಬಿಟ್ಟುಹೋದರು’ ಎಂದು ಕೊರಗುವುದು ಎರಡು ರೀತಿಯಲ್ಲಿ ತಪ್ಪು: ಅವರು 1,200 ಜನರೂ ಅಲ್ಲ, ವಿಡಿಯೋ ನೋಡಿದವರೂ ಅಲ್ಲ.

ಮೊದಲ ವಾರದ 9% ನೋಡಿ ಅಕ್ಕನ ಮಗನಿಗೆ ಬಹಳ ಹಿಗ್ಗು. ಯೂಟ್ಯೂಬ್ ಹೇಳುವ ಪ್ರಕಾರ ಅಲ್ಲಿನ ಚಾನೆಲ್ ಮತ್ತು ವಿಡಿಯೋಗಳಲ್ಲಿ ಅರ್ಧದಷ್ಟರ ಸಿಟಿಆರ್ 2ರಿಂದ 10%ರ ನಡುವೆ ಇರುತ್ತದೆ. ಆ ಅಳತೆಯಲ್ಲಿ 9 ಒಳ್ಳೆಯದೇ. ಆದರೆ ಅದೇ ಯೂಟ್ಯೂಬ್, ಒಂದು ವಾರವೂ ತುಂಬದ ವಿಡಿಯೋಗಳಲ್ಲಿ, ನೂರು ವೀಕ್ಷಣೆಯೂ ಆಗದವುಗಳಲ್ಲಿ ಈ ಅಂಕಿ ಇನ್ನೂ ಅಗಲವಾಗಿ ಓಲಾಡುತ್ತದೆ ಎಂದೂ ಹೇಳುತ್ತದೆ. ಇಪ್ಪತ್ತು ಇಂಪ್ರೆಷನ್‌ಗೆ ಇಬ್ಬರು ಒತ್ತಿದರೆ 10%, ಮೂವರಾದರೆ 15%. ಆ ಮೂರನೆಯವರು ನಿಮ್ಮ ಚಿಕ್ಕಪ್ಪನೂ ಆಗಿರಬಹುದು. ಇಲ್ಲಿಯೂ 1,200ರಲ್ಲಿ 900 ಇಂಪ್ರೆಷನ್‌ಗಳು ಚಂದಾದಾರರ ಫೀಡ್ ಮತ್ತು ಚಾನೆಲ್‌ನ ಸ್ವಂತ ಪುಟದಿಂದ ಬಂದಿದ್ದವು, ಅಂದರೆ ಮೊದಲೇ ಪರಿಚಯವಿದ್ದವರಿಂದ.

ಮೂರನೆಯ ವಾರ ನಿಜವಾದ ಗಾಬರಿ ಶುರುವಾಯಿತು. ಆ ವಾರದ ಸಿಟಿಆರ್ 3.1%. “ಮಾವ, ಮೂರರಲ್ಲಿ ಒಂದು ಭಾಗಕ್ಕೆ ಬಿದ್ದಿದೆ, ಥಂಬ್‌ನೇಲ್ ಬದಲಿಸಲೇಬೇಕು” ಎಂದು ಹುಡುಗ ಹಟ ಹಿಡಿದ. ಅವನು ಆ ಒಂದು ಅಂಕಿಯ ಪಕ್ಕದಲ್ಲೇ ಇದ್ದ ಇನ್ನೊಂದನ್ನು ನೋಡಲಿಲ್ಲ: ಇಂಪ್ರೆಷನ್ 1,200ರಿಂದ 30,000ಕ್ಕೆ ಏರಿತ್ತು.

ಸಿಟಿಆರ್ ಒಂದು ಭಾಗಾಕಾರ. ಮೇಲೆ ಒತ್ತಿದವರ ಸಂಖ್ಯೆ, ಕೆಳಗೆ ಇಂಪ್ರೆಷನ್. ಕೆಳಗಿನದು ಬದಲಾದಾಗ ಫಲಿತಾಂಶ ಬದಲಾಗುವುದು ಸಹಜ. ಅದಕ್ಕಿಂತ ಮುಖ್ಯವಾಗಿ, ಕೆಳಗಿನದು ಯಾರಿಂದ ಬಂತು ಎಂಬುದು ಬದಲಾಗಿತ್ತು. ಸ್ಟುಡಿಯೋದಲ್ಲಿ ಟ್ರಾಫಿಕ್ ಮೂಲಗಳ ಪಟ್ಟಿ ತೆರೆದರೆ ಪ್ರತಿ ಮೂಲಕ್ಕೂ ಬೇರೆ ಬೇರೆ ಇಂಪ್ರೆಷನ್, ಬೇರೆ ಬೇರೆ ಸಿಟಿಆರ್ ಸಿಗುತ್ತದೆ. ಆ ವಾರದ ಪಟ್ಟಿಯಲ್ಲಿ ಹುಡುಕಾಟದಿಂದ 4,000 ಇಂಪ್ರೆಷನ್, ಸಿಟಿಆರ್ 8%. ಸಲಹೆಯ ವಿಡಿಯೋಗಳಿಂದ 2,000, ಸಿಟಿಆರ್ 6.5%. ಹೋಮ್ ಪುಟದಿಂದ 24,000, ಸಿಟಿಆರ್ 2%. ಒತ್ತಿದವರು ಕ್ರಮವಾಗಿ 320, 130, 480. ಕೂಡಿಸಿದರೆ 930, ಅದನ್ನು 30,000ದಿಂದ ಭಾಗಿಸಿದರೆ 3.1%.

ಸ್ಟಾರ್ಟರ್ ಟ್ರಿಪ್ ಆಗಿ, ಬೆಳೆಗೆ ನೀರು ನಿಂತು, ತಲೆ ಕೆಟ್ಟು ಹುಡುಕುವವರು ಮೊದಲಿನಂತೆಯೇ ಒತ್ತುತ್ತಿದ್ದರು. ಹೊಸದಾಗಿ ಸೇರಿದವರು ಹೋಮ್ ಪುಟದವರು. ಅವರು ಏನನ್ನೂ ಹುಡುಕಿ ಬಂದವರಲ್ಲ. ಅವರ ಪರದೆಯಲ್ಲಿ ಒಂದು ಹಾಡು, ಒಂದು ಕ್ರಿಕೆಟ್ ತುಣುಕು, ಒಂದು ಅಡುಗೆ, ನಡುವೆ ಈ ಸ್ಟಾರ್ಟರ್. ನೂರರಲ್ಲಿ ಇಬ್ಬರು ಒತ್ತಿದರೆ ಅದು ಸೋಲಲ್ಲ. ಸಿಟಿಆರ್ ಬಿದ್ದದ್ದು ವಿಡಿಯೋ ಕೆಟ್ಟದ್ದರಿಂದಲ್ಲ, ಯೂಟ್ಯೂಬ್ ಅದನ್ನು ಅಪರಿಚಿತರಿಗೂ ತೋರಿಸತೊಡಗಿದ್ದರಿಂದ.

ಇದನ್ನು ಖಚಿತ ಮಾಡಿಕೊಳ್ಳಲು ಮೂರನೆಯ ಅಂಕಿ ಬೇಕು. ಸರಾಸರಿ ವೀಕ್ಷಣಾ ಅವಧಿ ಆ ವಾರ 4 ನಿಮಿಷ 50 ಸೆಕೆಂಡ್. ಮೊದಲ ವಾರಕ್ಕಿಂತ ಇಪ್ಪತ್ತೇ ಸೆಕೆಂಡ್ ಕಡಿಮೆ. ಅಂದರೆ ಹೋಮ್ ಪುಟದಿಂದ ಒತ್ತಿ ಬಂದ ಆ ಕೆಲವರೂ ಕುಳಿತು ನೋಡುತ್ತಿದ್ದರು. ಒತ್ತಿದವರು ಸರಿಯಾದ ಜನವೇ. ಈ ಹಂತದಲ್ಲಿ ಮಾಡಬೇಕಾದದ್ದು ಏನೂ ಇರಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ.

ಹುಡುಗ ಥಂಬ್‌ನೇಲ್ ಬದಲಿಸಿದ. ಕರಕಲಾದ ವೈಂಡಿಂಗ್‌ನ ಚಿತ್ರ, ಹಿಂದೆ ಬೆಂಕಿ, ಕೆಂಪು ಬಾಣ. ಶೀರ್ಷಿಕೆಯೂ ಬದಲಾಯಿತು: ‘ಈ ಒಂದು ತಪ್ಪು ಮಾಡಿದರೆ ಮೋಟಾರ್ ಸುಟ್ಟು ಬೂದಿ!’ ಮುಂದಿನ ವಾರ ಇಂಪ್ರೆಷನ್ 22,000, ಸಿಟಿಆರ್ 5.2%. ಒತ್ತಿದವರು 1,144. ಹಿಂದಿನ ವಾರಕ್ಕಿಂತ ಇನ್ನೂರಕ್ಕೂ ಹೆಚ್ಚು. ಇಲ್ಲಿಗೇ ನಿಲ್ಲಿಸಿದರೆ ಹುಡುಗ ಗೆದ್ದ ಹಾಗೆಯೇ.

ಅಂಗಡಿಯವರಿಗೆ ಇದು ಅರ್ಥವಾಗಲು ಅವರ ಕೆಲಸದ ಮಾತೇ ಸಾಕು. ವೋಲ್ಟ್‌ಮೀಟರ್ ಒಂದನ್ನೇ ನೋಡಿ ಅವರು ಯಾವ ಮೋಟಾರನ್ನೂ ‘ಸರಿಯಾಗಿದೆ’ ಎಂದು ಕಳುಹಿಸುವುದಿಲ್ಲ. ಕ್ಲ್ಯಾಂಪ್ ಮೀಟರ್ ಹಾಕಿ ಆಂಪಿಯರ್ ಎಷ್ಟು ಎಳೆಯುತ್ತಿದೆ ಎಂದು ನೋಡಿಯೇ ಬಾಯಿ ಬಿಡುತ್ತಾರೆ. ಸಿಟಿಆರ್ ನೋಡಿದ ಮೇಲೆ ಅವಧಿ ನೋಡುವುದೂ ಹಾಗೆಯೇ. ಆ ವಾರದ ಸರಾಸರಿ ವೀಕ್ಷಣಾ ಅವಧಿ 1 ನಿಮಿಷ 50 ಸೆಕೆಂಡ್.

ಸರಾಸರಿ ವೀಕ್ಷಣಾ ಅವಧಿ ಎಂದರೆ ಒಟ್ಟು ನೋಡಿದ ಸಮಯವನ್ನು ಒಟ್ಟು ವೀಕ್ಷಣೆಗಳಿಂದ ಭಾಗಿಸಿದ್ದು. ಹಾಗಾಗಿ ಇದನ್ನು ತಿರುಗಿಸಿ ಗುಣಿಸಿದರೆ ಒಟ್ಟು ಸಮಯ ಸಿಗುತ್ತದೆ. ಮೂರನೆಯ ವಾರ 930 ವೀಕ್ಷಣೆಗಳು 4 ನಿಮಿಷ 50 ಸೆಕೆಂಡ್‌ನಂತೆ ಸುಮಾರು 75 ಗಂಟೆ. ಬೆಂಕಿ ಹಚ್ಚಿದ ವಾರ 1,144 ವೀಕ್ಷಣೆಗಳು 1 ನಿಮಿಷ 50 ಸೆಕೆಂಡ್‌ನಂತೆ ಸುಮಾರು 35 ಗಂಟೆ. ಒತ್ತಿದವರು ಹೆಚ್ಚಾದರು, ನೋಡಿದ ಸಮಯ ಅರ್ಧಕ್ಕಿಂತ ಕಡಿಮೆಯಾಯಿತು. ಸ್ಟುಡಿಯೋದಲ್ಲಿ ಇಂಪ್ರೆಷನ್‌ನಿಂದ ವೀಕ್ಷಣೆಗೆ, ವೀಕ್ಷಣೆಯಿಂದ ನೋಡಿದ ಗಂಟೆಗಳಿಗೆ ಇಳಿಯುತ್ತ ಹೋಗುವ ಲಾಳಿಕೆಯಂಥ ಒಂದು ಚಿತ್ರವಿದೆ. ಈ ಲೆಕ್ಕವನ್ನು ಅಲ್ಲೇ ನೋಡಬಹುದು. ಮೇಲಿನ ಬಾಯಿಯನ್ನಷ್ಟೇ ನೋಡಿ ಪುಟ ಮುಚ್ಚುವವರೇ ಹೆಚ್ಚು.

ಇಲ್ಲಿ ಒಂದು ಸೂಕ್ಷ್ಮವಿದೆ. ಹೊಸ ಥಂಬ್‌ನೇಲ್ ಸುಳ್ಳು ಹೇಳುತ್ತಿರಲಿಲ್ಲ. ಸುಟ್ಟ ವೈಂಡಿಂಗ್ ವಿಡಿಯೋದಲ್ಲಿ ಇತ್ತು, ಆದರೆ ಒಂಬತ್ತನೆಯ ನಿಮಿಷದಲ್ಲಿ. ಅದನ್ನು ನೋಡಲು ಬಂದವರಿಗೆ ಮೊದಲ ಐವತ್ತು ಸೆಕೆಂಡ್ ಸಿಕ್ಕಿದ್ದು ಚಾನೆಲ್‌ನ ಲಾಂಛನ, ನಮಸ್ಕಾರ, ಊರಿನ ಹೆಸರು, ಚಂದಾದಾರರಾಗಿ ಎಂಬ ವಿನಂತಿ. ಆಮೇಲೆ ಒಂದು ರಿಲೇ ಡಯಲ್. ನೋಡುಗರು ಎಲ್ಲಿ ಬಿಟ್ಟುಹೋದರು ಎಂದು ತೋರಿಸುವ ಗೆರೆಯಲ್ಲಿ ಇದು ಸ್ಪಷ್ಟವಾಗಿತ್ತು. ಹಳೆಯ ಥಂಬ್‌ನೇಲ್ ಇದ್ದಾಗ ಮೂವತ್ತನೆಯ ಸೆಕೆಂಡಿಗೆ 62% ಜನ ಉಳಿದಿದ್ದರು. ಹೊಸದರಲ್ಲಿ 34%. ಥಂಬ್‌ನೇಲ್ ಎತ್ತಿದ ನಿರೀಕ್ಷೆಗೂ ಮೊದಲ ಅರ್ಧ ನಿಮಿಷಕ್ಕೂ ಹೊಂದಾಣಿಕೆ ಇರಲಿಲ್ಲ. ಒಂಬತ್ತನೆಯ ನಿಮಿಷದ ಪ್ರಾಮಾಣಿಕತೆಯನ್ನು ನೋಡಲು ಯಾರೂ ಉಳಿದಿರಲಿಲ್ಲ.

ಶೀರ್ಷಿಕೆ ಬದಲಿಸಿದ್ದರಿಂದ ಆದ ಪೆಟ್ಟು ಬೇರೆಯೇ. ಹುಡುಕಾಟದ ಇಂಪ್ರೆಷನ್ 4,000ದಿಂದ 900ಕ್ಕೆ ಇಳಿದಿತ್ತು. ಹೊಸ ಶೀರ್ಷಿಕೆಯಲ್ಲಿ ‘ಸ್ಟಾರ್ಟರ್’ ಇಲ್ಲ, ‘ಟ್ರಿಪ್’ ಇಲ್ಲ, ‘ಬೋರ್‌ವೆಲ್’ ಕೂಡ ಇಲ್ಲ. ಜಮೀನಿನಲ್ಲಿ ನಿಂತು ಮೊಬೈಲ್‌ನಲ್ಲಿ ಹುಡುಕುವ ರೈತರು ಆ ಪದಗಳನ್ನೇ ಬಳಸುತ್ತಾರೆ, ‘ಬೂದಿ’ ಎಂದು ಯಾರೂ ಹುಡುಕುವುದಿಲ್ಲ. ಕಳೆದುಕೊಂಡದ್ದು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುವ ಜನರನ್ನು. ಅವಧಿ ಕುಸಿಯಲು ಅದೂ ಒಂದು ಕಾರಣ. ಥಂಬ್‌ನೇಲ್ ಮತ್ತು ಶೀರ್ಷಿಕೆ ಎರಡನ್ನೂ ಒಂದೇ ದಿನ ಬದಲಿಸಿದ್ದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗದು. ಮೂಲಗಳ ಪಟ್ಟಿ ಇಲ್ಲದಿದ್ದರೆ ಇಷ್ಟೂ ತಿಳಿಯುತ್ತಿರಲಿಲ್ಲ.

ಸರಾಸರಿಯ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. 4 ನಿಮಿಷ 50 ಸೆಕೆಂಡ್ ಎಂದಾಗ ಎಲ್ಲರೂ ಐದನೆಯ ನಿಮಿಷದ ಹತ್ತಿರ ಎದ್ದು ಹೋದರು ಎಂದು ಅಂಗಡಿಯವರು ತಿಳಿದಿದ್ದರು. ಆ ಭಾಗವನ್ನೇ ಕತ್ತರಿಸುವ ಯೋಚನೆಯಲ್ಲಿದ್ದರು. ಹತ್ತು ಜನರನ್ನು ಊಹಿಸಿಕೊಳ್ಳಿ. ನಾಲ್ವರು ಇಪ್ಪತ್ತು ಸೆಕೆಂಡಿಗೆ ಹೋದರು, ಆರು ಮಂದಿ ಎಂಟು ನಿಮಿಷ ನೋಡಿದರು. ಸರಾಸರಿ 4 ನಿಮಿಷ 56 ಸೆಕೆಂಡ್ ಬರುತ್ತದೆ. ಐದನೆಯ ನಿಮಿಷದಲ್ಲಿ ಒಬ್ಬರೂ ಹೋಗಿಲ್ಲ! ಅವರ ವಿಡಿಯೋದ ಗೆರೆಯೂ ಇಂಥದ್ದೇ. ಆರಂಭದಲ್ಲಿ ಕಡಿದಾದ ಇಳಿಜಾರು, ಆಮೇಲೆ ಬಹುತೇಕ ಸಮತಟ್ಟು, ಏಳನೆಯ ನಿಮಿಷ ದಾಟಿದ ಮೇಲೆ ಒಂದು ಸಣ್ಣ ಉಬ್ಬು. ಡಯಲ್ ಅನ್ನು ನೇಮ್‌ಪ್ಲೇಟ್‌ಗೆ ಹೊಂದಿಸಿ ತೋರಿಸುವ ಜಾಗ ಅದು. ಜನ ಹಿಂದಕ್ಕೆ ಎಳೆದು ಮತ್ತೆ ನೋಡಿದಲ್ಲಿ ಗೆರೆ ಹಾಗೆ ಉಬ್ಬುತ್ತದೆ. ಸರಾಸರಿ ಅವಧಿ ನೋಡಿದರೆ ಕಾಯಿಲೆ ಇದೆಯೇ ಎಂದು ಗೊತ್ತಾದೀತು, ಎಲ್ಲಿದೆ ಎಂದು ಗೊತ್ತಾಗದು. ಅದಕ್ಕೆ ಗೆರೆಯನ್ನೇ ನೋಡಬೇಕು.

ಹಾಗೆಯೇ ಎರಡು ವಿಡಿಯೋಗಳ ಅವಧಿಯನ್ನು ನೇರವಾಗಿ ಹೋಲಿಸುವಂತಿಲ್ಲ. ಅದೇ ಚಾನೆಲ್‌ನ ಕೆಪಾಸಿಟರ್ ಬದಲಿಸುವ ಮೂರು ನಿಮಿಷದ ವಿಡಿಯೋಗೆ ಸರಾಸರಿ 2 ನಿಮಿಷ ಇತ್ತು. 4 ನಿಮಿಷ 50 ಸೆಕೆಂಡ್‌ನ ಮುಂದೆ ಅದು ಕುಳ್ಳಗೆ ಕಾಣುತ್ತದೆ. ಆದರೆ ಜನ ಅದರ ಮೂರರಲ್ಲಿ ಎರಡು ಪಾಲು ನೋಡುತ್ತಿದ್ದರು, ಇದರಲ್ಲಿ 40% ಮಾತ್ರ. ಶಾರ್ಟ್ಸ್ ಹಾಕುವವರು ಈ ಥಂಬ್‌ನೇಲ್ ಲೆಕ್ಕವನ್ನು ಅಲ್ಲಿಗೆ ಒಯ್ಯಬಾರದು. ಶಾರ್ಟ್ಸ್ ಫೀಡ್‌ನಲ್ಲಿ ವಿಡಿಯೋ ತಾನಾಗಿ ಓಡತೊಡಗುತ್ತದೆ. ನೋಡಿದರೋ, ಜಾರಿಸಿದರೋ ಎಂಬುದೇ ಅಲ್ಲಿ ಕೇಳುವ ಪ್ರಶ್ನೆ.

ಇನ್ನು ಸರಿಪಡಿಸಿದ್ದು ಹೇಗೆ. ಮೊದಲು ಶೀರ್ಷಿಕೆಗೆ ಹುಡುಕಾಟದ ಪದಗಳು ಮರಳಿದವು: ‘ಬೋರ್‌ವೆಲ್ ಸ್ಟಾರ್ಟರ್ ಪದೇ ಪದೇ ಟ್ರಿಪ್ ಆದರೆ ಮೊದಲು ನೋಡಬೇಕಾದದ್ದು’. ಥಂಬ್‌ನೇಲ್‌ಗೆ ಓವರ್‌ಲೋಡ್ ರಿಲೇಯ ಡಯಲ್ ಅನ್ನು ತೀರ ಹತ್ತಿರದಿಂದ ತೆಗೆದ ಫೋಟೋ, ಪಕ್ಕದಲ್ಲಿ ಒಂದು ಬೆರಳು, ದಪ್ಪ ಅಕ್ಷರದಲ್ಲಿ ‘ಇದನ್ನು ತಿರುಗಿಸಬೇಡಿ’. ಬೆಂಕಿ ಇಲ್ಲ. ಮೊಬೈಲ್‌ನಲ್ಲಿ ಥಂಬ್‌ನೇಲ್ ಎಷ್ಟು ಚಿಕ್ಕದಾಗಿ ಕಾಣುತ್ತದೆ ಎಂದರೆ ಮೂರು ಪದಗಳಿಗಿಂತ ಹೆಚ್ಚು ಬರೆದರೆ ಓದಲಾಗದು.

ಆಮೇಲೆ ಮೊದಲ ಐವತ್ತು ಸೆಕೆಂಡ್. ಇದಕ್ಕಾಗಿ ವಿಡಿಯೋ ಅಳಿಸಿ ಮತ್ತೆ ಹಾಕುವ ಅಗತ್ಯವಿಲ್ಲ. ಹಾಗೆ ಮಾಡಿದರೆ ಗಳಿಸಿದ ವೀಕ್ಷಣೆ, ಕಮೆಂಟ್, ಗುಂಪುಗಳಲ್ಲಿ ಹಂಚಿದ ಲಿಂಕ್ ಎಲ್ಲವೂ ಹೋಗುತ್ತದೆ. ಸ್ಟುಡಿಯೋದ ಎಡಿಟರ್‌ನಲ್ಲಿ ಕತ್ತರಿಸುವ ಸೌಲಭ್ಯವಿದೆ. ಕತ್ತರಿಸಿ ಉಳಿಸಿದರೆ ಲಿಂಕ್ ಅದೇ ಇರುತ್ತದೆ. ಲಾಂಛನ ಮತ್ತು ನಮಸ್ಕಾರ ಹೋದ ಮೇಲೆ ವಿಡಿಯೋ 11 ನಿಮಿಷ 10 ಸೆಕೆಂಡ್ ಆಯಿತು. ಈಗ ಅದು ‘ಸ್ಟಾರ್ಟರ್ ಟ್ರಿಪ್ ಆದ ತಕ್ಷಣ ಈ ಡಯಲ್ ಮುಟ್ಟಬೇಡಿ’ ಎಂಬ ಅಂಗಡಿಯವರ ಮಾತಿನಿಂದಲೇ ಶುರುವಾಗುತ್ತದೆ. ನಮಸ್ಕಾರ ಹೇಳದೆ ಮಾತು ಆರಂಭಿಸುವುದು ಅವರಿಗೆ ಕಸಿವಿಸಿ. ನಮಸ್ಕಾರವನ್ನು ಕೊನೆಯಲ್ಲಿ ಹೇಳಬಹುದು ಎಂಬ ಒಪ್ಪಂದವಾಯಿತು.

ಅದರ ಮುಂದಿನ ಪೂರ್ತಿ ವಾರದ ಲೆಕ್ಕ: ಇಂಪ್ರೆಷನ್ ಮತ್ತೆ 22,000. ಸಿಟಿಆರ್ 4.1%. ಒತ್ತಿದವರು 902. ಸರಾಸರಿ ಅವಧಿ 5 ನಿಮಿಷ 20 ಸೆಕೆಂಡ್. ಗುಣಿಸಿದರೆ 80 ಗಂಟೆಗೂ ಸ್ವಲ್ಪ ಹೆಚ್ಚು. ಬೆಂಕಿಯ ವಾರಕ್ಕಿಂತ ಸಿಟಿಆರ್ ಕಡಿಮೆ, ಒತ್ತಿದವರೂ ಕಡಿಮೆ, ನೋಡಿದ ಸಮಯ ಎರಡು ಪಟ್ಟಿಗೂ ಹೆಚ್ಚು. ಹುಡುಕಾಟದ ಇಂಪ್ರೆಷನ್ 3,600ಕ್ಕೆ ಮರಳಿತ್ತು, ಅಲ್ಲಿನ ಸಿಟಿಆರ್ 9%. ಹೋಮ್ ಪುಟದ್ದು 2.6%. ಅವಧಿಯ ಏರಿಕೆಯೂ ಕಾಣುವುದಕ್ಕಿಂತ ದೊಡ್ಡದು. ಮೊದಲಿನ 4 ನಿಮಿಷ 50 ಸೆಕೆಂಡ್‌ನಲ್ಲಿ ಆ ಐವತ್ತು ಸೆಕೆಂಡ್‌ಗಳ ಪೀಠಿಕೆಯೂ ಸೇರಿತ್ತು, ಈಗಿನ ಪ್ರತಿ ಸೆಕೆಂಡ್ ವಿಷಯದ್ದು.

ಗಂಟೆಗಳನ್ನು ಇಷ್ಟು ಹಿಡಿದುಕೊಂಡು ಕೂರಲು ಕಾರಣವಿದೆ. ಒತ್ತಿ ಬಂದವರು ನಿಲ್ಲದೆ ಹೋಗುವ ವಿಡಿಯೋವನ್ನು ಯೂಟ್ಯೂಬ್ ಮುಂದೆ ಸಲಹೆ ಮಾಡುವುದು ಕಡಿಮೆ ಎಂದು ಅದರದೇ ಸಹಾಯ ಪುಟಗಳು ಹೇಳುತ್ತವೆ. ಬರೀ ಕ್ಲಿಕ್‌ಗಿಂತ ನೋಡಿದ ಸಮಯಕ್ಕೆ ಒತ್ತು ಕೊಡುವ ಬದಲಾವಣೆಯನ್ನು ಅದು 2012ರಲ್ಲೇ ಮಾಡಿತು. ಒಂದೇ ವಿಡಿಯೋಗೆ ಎರಡು ಮೂರು ಥಂಬ್‌ನೇಲ್ ಹಾಕಿ ಪರೀಕ್ಷಿಸುವ ಸೌಲಭ್ಯವನ್ನು ಸ್ಟುಡಿಯೋದಲ್ಲಿ ಕೊಟ್ಟಾಗಲೂ, ಯಾವುದು ಗೆದ್ದಿತು ಎಂಬುದನ್ನು ಸಿಟಿಆರ್‌ನಿಂದ ಅಳೆಯದೆ ನೋಡಿದ ಸಮಯದ ಪಾಲಿನಿಂದ ಅಳೆಯುವಂತೆ ಮಾಡಿತು. ಹುಡುಗ ಊಹೆಯ ಮೇಲೆ ಬದಲಿಸುವ ಬದಲು ಇದನ್ನೇ ಬಳಸಿದ್ದರೆ ಆ ಒಂದು ವಾರ ಉಳಿಯುತ್ತಿತ್ತು.

ಈ ಲೆಕ್ಕಕ್ಕೂ ಮಿತಿಗಳಿವೆ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದು ಮೋಟಾರ್‌ಗಳು ಹೆಚ್ಚು ಆಂಪಿಯರ್ ಎಳೆಯುವಾಗ ಸ್ಟಾರ್ಟರ್‌ಗಳೂ ಹೆಚ್ಚು ಟ್ರಿಪ್ ಆಗುತ್ತವೆ, ಹುಡುಕುವವರೂ ಹೆಚ್ಚುತ್ತಾರೆ. ಒಳ್ಳೆಯ ಮಳೆ ಬಿದ್ದ ವಾರ ಯಾರೂ ಹುಡುಕುವುದಿಲ್ಲ. ಆಗ ಇಂಪ್ರೆಷನ್ ಇಳಿದರೆ ಥಂಬ್‌ನೇಲ್ ಮೇಲೆ ಕೋಪ ಮಾಡಿಕೊಂಡು ಪ್ರಯೋಜನವಿಲ್ಲ. ಜೊತೆಗೆ, ಇಂಪ್ರೆಷನ್ ಮತ್ತು ಸಿಟಿಆರ್‌ನ ಅಂಕಿಗಳು ಸ್ಟುಡಿಯೋಗೆ ಸ್ವಲ್ಪ ತಡವಾಗಿ ಬಂದು ಸೇರುತ್ತವೆ. ನಿನ್ನೆಯ ಅಂಕಿ ಹಿಡಿದು ಇವತ್ತು ಬದಲಾವಣೆ ಮಾಡುವವರು ಅರೆಬರೆ ಲೆಕ್ಕದ ಮೇಲೆ ತೀರ್ಮಾನ ಮಾಡುತ್ತಿದ್ದಾರೆ.

ಅಂಗಡಿಯವರ ಮುಂದಿನ ವಿಡಿಯೋಗೆ ವಿಷಯವನ್ನು ಗೆರೆಯ ಆ ಉಬ್ಬೇ ಕೊಟ್ಟಿತು. ನೇಮ್‌ಪ್ಲೇಟ್ ಓದಿ ಡಯಲ್ ಹೊಂದಿಸುವುದು ಮಾತ್ರ, ನಾಲ್ಕು ನಿಮಿಷದೊಳಗೆ. ನೇಮ್‌ಪ್ಲೇಟ್ ಮೋಟಾರ್ ಜೊತೆಗೆ ಕೊಳವೆಬಾವಿಯೊಳಗೆ ಇಳಿದುಹೋಗಿರುತ್ತದೆ, ಓದುವುದು ಹೇಗೆ ಎಂದು ಕಮೆಂಟ್‌ನಲ್ಲಿ ಕೇಳಿದವರಿಗೂ ಅದರಲ್ಲೇ ಉತ್ತರ ಕೊಡುವುದೆಂದು ನಿರ್ಧಾರವಾಯಿತು. ಹುಡುಗ ಈ ಬಾರಿ ಚಿತ್ರೀಕರಣಕ್ಕೆ ಮೊದಲೇ ಥಂಬ್‌ನೇಲ್‌ಗೆ ಬೇಕಾದ ಫೋಟೋ ತೆಗೆದು, ಮೊದಲ ಮೂವತ್ತು ಸೆಕೆಂಡಿನಲ್ಲಿ ಅದೇ ದೃಶ್ಯ ಬರುವಂತೆ ಕ್ರಮ ಹಾಕಿಕೊಂಡ.